ಸರಾಸರಿ ತಾಳೆಯಾಗದಿದ್ದರೆ: ಮೊತ್ತದಲ್ಲಿ ತಪ್ಪೋ, ಭಾಜಕದಲ್ಲಿ ತಪ್ಪೋ?

ಪರೀಕ್ಷೆಯ ಅಂಕಗಳನ್ನೆಲ್ಲ ಕೂಡಿ, ಎಷ್ಟು ಅಂಕಗಳಿವೆಯೋ ಅಷ್ಟರಿಂದ ಭಾಗಿಸಿದರೆ ಸರಾಸರಿ. ಲೆಕ್ಕ ಇಷ್ಟೇ. ಆದರೂ ಒಂದೇ ತರಗತಿಗೆ ಅಂಕವಹಿಯಲ್ಲಿ ಒಂದು ಸರಾಸರಿ, ಕಂಪ್ಯೂಟರಿನಲ್ಲಿ ಇನ್ನೊಂದು, ಮುಖ್ಯ ಶಿಕ್ಷಕರ ಮೇಜಿನ ಮೇಲಿನ ಚೀಟಿಯಲ್ಲಿ ಮತ್ತೊಂದು ಬರುವುದು ಅಪರೂಪವಲ್ಲ. ಆಗ ಎಲ್ಲರೂ ಮಾಡುವ ಕೆಲಸ ಮೊದಲಿನಿಂದ ಮತ್ತೆ ಕೂಡುವುದು. ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಮೊದಲು ತಪ್ಪು ಕೂಡುವಲ್ಲಿ ಆಗಿದೆಯೋ ಭಾಗಿಸುವಲ್ಲಿ ಆಗಿದೆಯೋ ಎಂದು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಒಂದೇ ಗುಣಾಕಾರ ಸಾಕು.

ಒಂದು ಪಟ್ಟಿಯನ್ನು ಮುಂದಿಟ್ಟುಕೊಳ್ಳೋಣ. ಶಿರಸಿ ತಾಲೂಕಿನ ಹಳ್ಳಿಯೊಂದರ ಪ್ರೌಢಶಾಲೆ, ಒಂಬತ್ತನೇ ತರಗತಿ, ಹಾಜರಿ ಪುಸ್ತಕದಲ್ಲಿ 12 ಹೆಸರು ಎಂದುಕೊಳ್ಳಿ. ಜುಲೈ ತಿಂಗಳ ಗಣಿತ ಪರೀಕ್ಷೆ, 50 ಅಂಕ. ಹಿಂದಿನ ರಾತ್ರಿ ಹೊಳೆ ಏರಿ ಕಾಲುಸಂಕ ದಾಟಲಾಗದೆ ಇಬ್ಬರು ಬಂದಿಲ್ಲ. ಕ್ರಮಸಂಖ್ಯೆಯ ಪ್ರಕಾರ ಅಂಕಗಳು ಹೀಗಿವೆ:

38, 27, ಗೈ, 45, 31, 0, 42, 19, 36, ಗೈ, 29, 33

ಗೈ ಎಂದರೆ ಗೈರುಹಾಜರು, 3 ಮತ್ತು 10ನೇ ಸಂಖ್ಯೆಯವರು. 6ನೇ ಸಂಖ್ಯೆಯ ಹುಡುಗ ಬಂದು ಕೂತು ಬರೆದಿದ್ದಾನೆ, ಸಿಕ್ಕಿದ್ದು ಸೊನ್ನೆ. ಇಬ್ಬರು ಗೈರು, ಒಂದು ಸೊನ್ನೆ: ಈ ಮೂರೂ ಒಂದೇ ಪಟ್ಟಿಯಲ್ಲಿ ಸೇರಿದರೆ ಜಗಳ ಶುರು. ಈ ಪಟ್ಟಿಗೆ ಮೂರು ಕಡೆ ಮೂರು ಸರಾಸರಿ ಬಂದಿದೆ: 25, 33.33 ಮತ್ತು 30.

ಮೊದಲ ನೋಟ: ಇದು ಆಗಬಹುದಾದ ಸಂಖ್ಯೆಯೇ?

ಸರಾಸರಿ ಯಾವತ್ತೂ ಅತಿ ಕಡಿಮೆ ಅಂಕಕ್ಕಿಂತ ಕೆಳಗೆ ಹೋಗುವುದಿಲ್ಲ, ಅತಿ ಹೆಚ್ಚು ಅಂಕಕ್ಕಿಂತ ಮೇಲೆ ಏರುವುದಿಲ್ಲ. ನಮ್ಮ ಪಟ್ಟಿಯಲ್ಲಿ 0ಯಿಂದ 45ರ ಒಳಗೇ ಇರಬೇಕು. 54.5 ಎಂದು ಬಂದರೆ ಕೂಡಿ ನೋಡುವ ಅಗತ್ಯವೇ ಇಲ್ಲ, 50 ಅಂಕದ ಪರೀಕ್ಷೆಗೆ ಅದು ಸಾಧ್ಯವೇ ಇಲ್ಲ. 270.3 ಎಂದು ಬಂದರೂ ಅಷ್ಟೇ. ಇವೆರಡೂ ಎಲ್ಲಿಂದ ಹುಟ್ಟುತ್ತವೆ ಎಂಬುದು ಮುಂದೆ ಬರುತ್ತದೆ. ಇಂಥ ತಪ್ಪುಗಳು ತಾವಾಗಿಯೇ ಸಿಕ್ಕಿಬೀಳುತ್ತವೆ. ತೊಂದರೆ ಕೊಡುವುದು 25, 33.33, 28.2ರಂಥವು. ಅವು ನೋಡಲು ಸರಿಯಾದ ಉತ್ತರದಂತೆಯೇ ಇರುತ್ತವೆ.

ಎರಡನೆಯದು: ತಿರುಗಿಸಿ ಗುಣಿಸುವುದು

ಸರಾಸರಿಯನ್ನು ಅದಕ್ಕೆ ಬಳಸಿದ ಭಾಜಕದಿಂದ ಗುಣಿಸಿದರೆ ಮೊತ್ತ ವಾಪಸು ಬರುತ್ತದೆ. ಹಾಗಾಗಿ ಬೇರೆ ಬೇರೆ ಸರಾಸರಿ ತಂದವರನ್ನು "ಎಷ್ಟು ಬಂತು?" ಎಂದು ಕೇಳಿ ಸುಮ್ಮನಾಗಬಾರದು, "ಎಷ್ಟರಿಂದ ಭಾಗಿಸಿದಿರಿ?" ಎಂದೂ ಕೇಳಬೇಕು. ನಮ್ಮ ಮೂವರಲ್ಲಿ ಮೊದಲನೆಯವರು 12ರಿಂದ ಭಾಗಿಸಿದ್ದಾರೆ, ಎರಡನೆಯವರು 9ರಿಂದ, ಮೂರನೆಯವರು 10ರಿಂದ. 25ನ್ನು 12ರಿಂದ ಗುಣಿಸಿದರೆ 300. 33.33ನ್ನು 9ರಿಂದ ಗುಣಿಸಿದರೆ 299.97, ದಶಮಾಂಶ ಕತ್ತರಿಸಿದ್ದರಿಂದ ಚೂರು ಕಡಿಮೆ ಬಂದಿದೆ, ಅದೂ 300ರದ್ದೇ. 30ನ್ನು 10ರಿಂದ ಗುಣಿಸಿದರೆ 300.

ಮೂವರ ಮೊತ್ತವೂ ಒಂದೇ. ಅಂದರೆ ಕೂಡಿದ್ದರಲ್ಲಿ ಯಾರೂ ಎಡವಿಲ್ಲ, ಅಂಕಪಟ್ಟಿಯನ್ನು ಮತ್ತೆ ಕೂಡುತ್ತಾ ಕೂರಬೇಕಿಲ್ಲ. ತಕರಾರು ಇರುವುದು ಭಾಜಕದಲ್ಲಿ ಮಾತ್ರ. ವಾಪಸು ಬಂದ ಮೊತ್ತಗಳೇ ಬೇರೆ ಬೇರೆಯಾಗಿದ್ದರೆ ಮಾತ್ರ ಅಂಕಗಳ ಕಡೆ ತಿರುಗಬೇಕು.

ಮೊತ್ತ ಸರಿ, ಭಾಜಕ ತಪ್ಪು

12ರಿಂದ ಭಾಗಿಸಿದವರು ಹಾಜರಿ ಪುಸ್ತಕದ ಕೊನೆಯ ಕ್ರಮಸಂಖ್ಯೆಯನ್ನು ನೋಡಿ ಹಾಗೇ ತೆಗೆದುಕೊಂಡಿದ್ದಾರೆ. ಇದು ಅತಿ ಸಾಮಾನ್ಯ ತಪ್ಪು. ಹೊಳೆಯಾಚೆ ಉಳಿದ ಇಬ್ಬರಿಗೂ ಇಲ್ಲಿ ತಲಾ ಸೊನ್ನೆ ಕೊಟ್ಟಂತಾಯಿತು. ಅವರು ಬರೆದಿದ್ದರೆ ಎಷ್ಟು ತೆಗೆಯುತ್ತಿದ್ದರು ಎಂಬುದು ಯಾರಿಗೂ ಗೊತ್ತಿಲ್ಲದಿದ್ದರೂ ಲೆಕ್ಕ ಮಾತ್ರ ಅವರನ್ನು ಸೊನ್ನೆ ಎಂದು ತೀರ್ಮಾನಿಸಿಬಿಟ್ಟಿದೆ, ಹೀಗಾಗಿ ತರಗತಿಯ ಸರಾಸರಿ ಐದು ಅಂಕ ಕುಸಿದಿದೆ.

9ರಿಂದ ಭಾಗಿಸಿದವರದ್ದು ತದ್ವಿರುದ್ಧ ತಪ್ಪು. ಕೂಡುವಾಗ 0 ಸೇರಿಸಿದರೂ ಬಿಟ್ಟರೂ ಮೊತ್ತ ಬದಲಾಗದು, ಆದ್ದರಿಂದ ಕೂಡುವವರ ಕಣ್ಣು ಅದರ ಮೇಲೆ ಜಾರಿಹೋಗುತ್ತದೆ. ಆಮೇಲೆ ಕೂಡಿದ ಸಂಖ್ಯೆಗಳನ್ನು ಎಣಿಸುವಾಗಲೂ ಅದನ್ನು ಬಿಟ್ಟೇ ಎಣಿಸುತ್ತಾರೆ. ಸೊನ್ನೆ ಒಂದು ಅಂಕವೇ. ಮೊತ್ತಕ್ಕೆ ಅದು ಏನನ್ನೂ ಕೊಡುವುದಿಲ್ಲ ನಿಜ, ಆದರೆ ಭಾಜಕದಲ್ಲಿ ಅದಕ್ಕೊಂದು ಜಾಗ ಇದ್ದೇ ಇದೆ.

ಈ ಎರಡು ತಪ್ಪುಗಳು ಒಂದೇ ಲೆಕ್ಕದಲ್ಲಿ ಸೇರಿಕೊಂಡರೆ ಇನ್ನೂ ಕಷ್ಟ. ಗೈರಾದವರಲ್ಲಿ ಒಬ್ಬರನ್ನು ಎಣಿಸಿ, ಸೊನ್ನೆಯವನನ್ನು ಬಿಟ್ಟರೆ ಭಾಜಕ 10 ಆಗಿಬಿಡುತ್ತದೆ, ಉತ್ತರ ಸರಿಯಾಗಿಯೇ 30 ಬರುತ್ತದೆ. ದಾರಿ ತಪ್ಪಾದರೂ ಊರು ಸಿಕ್ಕಿತು, ಆದರೆ ಮುಂದಿನ ಪರೀಕ್ಷೆಯಲ್ಲಿ ಯಾರೂ ಸೊನ್ನೆ ತೆಗೆಯದಿದ್ದಾಗ ಅದೇ ಅಭ್ಯಾಸ ಕೈಕೊಡುತ್ತದೆ.

ಭಾಜಕವನ್ನು ಖಚಿತಪಡಿಸಲು ಪಟ್ಟಿಗಿಂತ ಉತ್ತರ ಪತ್ರಿಕೆಗಳ ಕಟ್ಟು ಹೆಚ್ಚು ನಂಬಿಕಸ್ಥ. ಕಟ್ಟು ಬಿಚ್ಚಿ ಪತ್ರಿಕೆಗಳನ್ನು ಎಣಿಸಿ. ಹತ್ತು ಪತ್ರಿಕೆ ಇದ್ದರೆ ಭಾಜಕ 10. ಸೊನ್ನೆ ತೆಗೆದವನ ಪತ್ರಿಕೆಯೂ ಅಲ್ಲಿ ಇದೆ, ಬಾರದವರ ಪತ್ರಿಕೆ ಇಲ್ಲ. ಹತ್ತಕ್ಕೆ ಇಬ್ಬರು ಗೈರು ಸೇರಿಸಿದರೆ 12, ಹಾಜರಿ ಪುಸ್ತಕಕ್ಕೂ ತಾಳೆಯಾಯಿತು.

ಗೈರಾದವರಿಗೆ ಸೊನ್ನೆ ಎಂದೇ ಹಿಡಿಯಬೇಕು ಎಂಬ ನಿಯಮವನ್ನು ಎಲ್ಲಾದರೂ ಇಟ್ಟುಕೊಂಡಿದ್ದರೆ 25 ತಪ್ಪಲ್ಲ. ಅದು ಬೇರೊಂದು ಪ್ರಶ್ನೆಯ ಉತ್ತರ. ಬರೆದವರು ಹೇಗೆ ಬರೆದಿದ್ದಾರೆ ಎಂದು ತಿಳಿಯಬೇಕಾದರೆ 30. ಯಾವುದನ್ನು ಬರೆದರೂ ಪಕ್ಕದಲ್ಲಿ "ಬರೆದವರು 10, ಗೈರು 2" ಎಂದು ನಮೂದಿಸುವುದು ಒಳ್ಳೆಯದು. ಮೇಲಿನವರು ಎರಡು ಶಾಲೆಗಳ ಸರಾಸರಿಯನ್ನು ಅಕ್ಕಪಕ್ಕ ಇಟ್ಟು ನೋಡುವಾಗ, ಒಂದು ಶಾಲೆ ಗೈರನ್ನು ಸೇರಿಸಿ ಇನ್ನೊಂದು ಬಿಟ್ಟು ಲೆಕ್ಕ ಹಾಕಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ. ಮಳೆಗಾಲದಲ್ಲಿ ಘಟ್ಟದ ಮೇಲಿನ ಸಣ್ಣ ಶಾಲೆಗಳಿಗೆ ಇದರಿಂದ ಆಗುವ ಅನ್ಯಾಯ ಸಣ್ಣದಲ್ಲ.

ಭಾಜಕ ಸರಿ, ಮೊತ್ತ ತಪ್ಪು

ಈಗ ನಾಲ್ಕನೆಯವರೊಬ್ಬರು 28.2 ತಂದರು ಎಂದುಕೊಳ್ಳಿ. ಅವರೂ ಹತ್ತರಿಂದಲೇ ಭಾಗಿಸಿದ್ದಾರೆ. ತಿರುಗಿಸಿ ಗುಣಿಸಿದರೆ 282. 300ಕ್ಕೂ ಇದಕ್ಕೂ 18ರ ವ್ಯತ್ಯಾಸ. ಈ ವ್ಯತ್ಯಾಸದ ಸಂಖ್ಯೆಯನ್ನೇ ಸ್ವಲ್ಪ ಹೊತ್ತು ನೋಡಬೇಕು, ತಪ್ಪು ಎಲ್ಲಿ ಎಂಬುದನ್ನು ಬಹಳ ಸಲ ಅದೇ ಹೇಳುತ್ತದೆ.

18 ಒಂಬತ್ತರಿಂದ ಭಾಗವಾಗುತ್ತದೆ. ಹಾಗಾದರೆ ಮೊದಲ ಗುಮಾನಿ ಅಂಕೆಗಳ ಅದಲುಬದಲಿನ ಮೇಲೆ. 31 ಬರೆಯುವಲ್ಲಿ 13 ಬರೆದರೆ ವ್ಯತ್ಯಾಸ 18, 45ರ ಬದಲು 54 ಬರೆದರೆ 9. ಎರಡಂಕಿಯ ಯಾವ ಸಂಖ್ಯೆಯನ್ನು ಹೀಗೆ ತಿರುಗಿಸಿದರೂ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ, ಏಕೆಂದರೆ ದಶಕದ ಒಂದು ಅಂಕೆ ಬಿಡಿಗೆ ಇಳಿದಾಗ ಹತ್ತು ಹೋಗಿ ಒಂದು ಬರುತ್ತದೆ, ನಷ್ಟ ಒಂಬತ್ತು. ಒಂಬತ್ತರಿಂದ ಭಾಗಿಸಿ ಬಂದ ಸಂಖ್ಯೆಯೇ ಆ ಎರಡು ಅಂಕೆಗಳ ನಡುವಿನ ಅಂತರ. 18ನ್ನು 9ರಿಂದ ಭಾಗಿಸಿದರೆ 2. ಮೊತ್ತ ಕಡಿಮೆಯಾಗಿದೆ, ಆದ್ದರಿಂದ ದಶಕ ಸ್ಥಾನದ ಅಂಕೆ ಬಿಡಿಸ್ಥಾನದ್ದಕ್ಕಿಂತ 2 ಹೆಚ್ಚಿರುವ ಅಂಕ ಯಾವುದೆಂದು ಪಟ್ಟಿಯಲ್ಲಿ ಹುಡುಕಿ. ಅಂಥವು ಎರಡೇ: 31 ಮತ್ತು 42. ಹತ್ತು ಪತ್ರಿಕೆಗಳನ್ನೂ ತಿರುವಿಹಾಕುವ ಬದಲು 5 ಮತ್ತು 7ನೇ ಸಂಖ್ಯೆಯವರ ಪತ್ರಿಕೆಗಳನ್ನು ಮಾತ್ರ ತೆಗೆದು ನೋಡಿದರೆ ಸಾಕು.

ಇದು ಗುಮಾನಿಯೇ ಹೊರತು ಸಾಕ್ಷಿಯಲ್ಲ. ಎರಡು ಸಣ್ಣ ತಪ್ಪುಗಳು ಸೇರಿಯೂ 18 ಆಗಬಹುದು. ಆ ಎರಡು ಪತ್ರಿಕೆಗಳಲ್ಲಿ ಏನೂ ಸಿಗದಿದ್ದರೆ ಆಗ ಎಲ್ಲವನ್ನೂ ನೋಡಲೇಬೇಕು.

ವ್ಯತ್ಯಾಸ ಸರಿಯಾಗಿ 10 ಬಂದರೆ ಕೂಡುವಾಗ ಕೈಯಲ್ಲಿ ಇಟ್ಟುಕೊಂಡ ದಶಕ ಬಿಟ್ಟುಹೋಗಿದೆ ಅಥವಾ ಎರಡು ಸಲ ಸೇರಿದೆ. ವ್ಯತ್ಯಾಸ ಪಟ್ಟಿಯಲ್ಲಿರುವ ಯಾವುದಾದರೂ ಅಂಕಕ್ಕೆ ಸಮವಾದರೆ, ಉದಾಹರಣೆಗೆ ಮೊತ್ತ 264 ಬಂದು 36 ಕೊರತೆಯಾದರೆ, 9ನೇ ಸಂಖ್ಯೆಯವರ ಅಂಕವೇ ಕೂಡಲ್ಪಟ್ಟಿಲ್ಲ ಎಂದು ಶಂಕಿಸಿ. ಪುಟ ತಿರುಗುವ ಜಾಗದಲ್ಲಿ, ಒಂದು ಪುಟದ ಕೊನೆಯ ಸಾಲು ಇಲ್ಲವೇ ಮುಂದಿನ ಪುಟದ ಮೊದಲ ಸಾಲು ಹೀಗೆ ತಪ್ಪಿಸಿಕೊಳ್ಳುವುದು ಹೆಚ್ಚು. ಗಮನಿಸಿ, 36 ಒಂಬತ್ತರ ಮಗ್ಗಿಯಲ್ಲೂ ಇದೆ, ಹಾಗಾಗಿ ಎರಡೂ ಕಡೆ ಬೆರಳು ತೋರಿಸುತ್ತದೆ. ಅಂಕ ಬಿಟ್ಟುಹೋಗಿದೆಯೇ ಎಂದು ಮೊದಲು ನೋಡುವುದು ಸುಲಭ.

ಕ್ಯಾಲ್ಕುಲೇಟರಿನ 270.3

ಕೊನೆಯ ಅಂಕದವರೆಗೂ ಕೂಡುತ್ತ ಹೋಗಿ, `=` ಒತ್ತದೆಯೇ `÷ 10` ಒತ್ತಿದರೆ ಏನಾಗುತ್ತದೆ ಎಂಬುದು ಕೈಯಲ್ಲಿರುವ ಯಂತ್ರವನ್ನು ಅವಲಂಬಿಸಿದೆ. ಅಂಗಡಿಯಲ್ಲಿ ಇಡುವಂಥ ಸಾದಾ ಕ್ಯಾಲ್ಕುಲೇಟರು ಸಾಮಾನ್ಯವಾಗಿ ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತ ಹೋಗುತ್ತದೆ. ಅದರ ಹೊಟ್ಟೆಯಲ್ಲಿ ಆಗಲೇ 300 ಇರುತ್ತದೆ, ಉತ್ತರ 30. ಸೈಂಟಿಫಿಕ್ ಕ್ಯಾಲ್ಕುಲೇಟರು ಹಾಗಲ್ಲ, ಭಾಗಾಕಾರವನ್ನು ಮೊದಲು ಮುಗಿಸಿ ಆಮೇಲೆ ಕೂಡುತ್ತದೆ. ಅದು ಕೊನೆಯ 33ನ್ನು ಮಾತ್ರ ಹತ್ತರಿಂದ ಭಾಗಿಸಿ 3.3 ಮಾಡಿ, ಉಳಿದ 267ಕ್ಕೆ ಸೇರಿಸುತ್ತದೆ: 270.3. ಯಂತ್ರ ಕೆಟ್ಟಿಲ್ಲ. ಕೂಡಿ ಮುಗಿದ ಮೇಲೆ ಒಮ್ಮೆ `=` ಒತ್ತಿ, ಮೊತ್ತವನ್ನು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಭಾಗಿಸಿ. ಮೊತ್ತ ಬರೆದಿಟ್ಟರೆ ಮುಂದೆ ತಾಳೆ ನೋಡಲೂ ಅನುಕೂಲ.

ಸ್ಪ್ರೆಡ್‌ಶೀಟಿನಲ್ಲಿ

ಅಂಕಗಳು C2ರಿಂದ C13ರವರೆಗೆ ಇವೆ ಎಂದುಕೊಳ್ಳಿ. ಸರಾಸರಿಯ ಸೂತ್ರವೊಂದನ್ನೇ ಬರೆದು ನಂಬಬೇಡಿ, ನಾಲ್ಕು ಸೂತ್ರಗಳನ್ನು ಒಂದರ ಕೆಳಗೊಂದು ಇಡಿ.

```
=SUM(C2:C13)
=COUNT(C2:C13)
=COUNTA(C2:C13)
=AVERAGE(C2:C13)
```

`COUNT` ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ, `COUNTA` ಖಾಲಿಯಲ್ಲದ ಎಲ್ಲ ಕೋಶಗಳನ್ನೂ ಎಣಿಸುತ್ತದೆ. `AVERAGE` ಅಕ್ಷರಗಳನ್ನೂ ಖಾಲಿ ಕೋಶಗಳನ್ನೂ ಬಿಟ್ಟು, ಸಂಖ್ಯೆಗಳನ್ನು ಮಾತ್ರ ಹಿಡಿಯುತ್ತದೆ. ಗೈರಾದವರ ಕೋಶದಲ್ಲಿ "ಗೈ" ಎಂದೇ ಬರೆದಿದ್ದರೆ ನಾಲ್ಕೂ ಕ್ರಮವಾಗಿ 300, 10, 12, 30 ತೋರಿಸುತ್ತವೆ. ಪತ್ರಿಕೆಗಳ ಕಟ್ಟಿನ ಎಣಿಕೆ `COUNT`ಗೆ ತಾಳೆಯಾಗಬೇಕು.

`COUNT` 12 ಎಂದು ತೋರಿಸಿ ಸರಾಸರಿ 25 ಬಂದರೆ ಯಾರೋ ಗೈರಾದವರಿಗೆ 0 ಟೈಪ್ ಮಾಡಿದ್ದಾರೆ. `COUNT` 9, ಸರಾಸರಿ 33.33, ಆದರೆ ಮೊತ್ತ 300 ಸರಿಯಾಗಿಯೇ ಇದ್ದರೆ 6ನೇ ಸಂಖ್ಯೆಯವನ ಕೋಶ ನೋಡಿ: ಅದು ಖಾಲಿ ಇರಬಹುದು, ಇಲ್ಲವೇ ಸೊನ್ನೆಯ ಬದಲು `O` ಅಕ್ಷರ ಕೂತಿರಬಹುದು. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಯಂತ್ರಕ್ಕೆ ಅದು ಅಕ್ಷರ.

`COUNT` 9 ಇದ್ದು ಮೊತ್ತವೂ 258ಕ್ಕೆ ಇಳಿದು ಸರಾಸರಿ 28.67 ಬಂದಿದ್ದರೆ ಕಾರಣ ಬೇರೆ. 42 ಕಾಣೆಯಾಗಿದೆ. ಕೋಶದಲ್ಲಿ 42 ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಆದರೆ ಅದು ಪಠ್ಯವಾಗಿ ಸೇವ್ ಆಗಿದೆ. ಬೇರೆ ಕಡೆಯಿಂದ ಕಾಪಿ ಮಾಡಿ ತಂದ ಪಟ್ಟಿಗಳಲ್ಲಿ ಇದು ಹೆಚ್ಚು. ಗುರುತು ಏನೆಂದರೆ, ಜೋಡಣೆಯನ್ನು ಯಾರೂ ಬದಲಿಸದಿದ್ದರೆ ಸಂಖ್ಯೆಗಳು ಕೋಶದ ಬಲಕ್ಕೂ ಪಠ್ಯ ಎಡಕ್ಕೂ ಅಂಟಿಕೊಂಡಿರುತ್ತವೆ. ಆ ಕೋಶವನ್ನು ಅಳಿಸಿ, ಫಾರ್ಮ್ಯಾಟನ್ನು ಸಂಖ್ಯೆಗೆ ಬದಲಿಸಿ, ಮತ್ತೆ ಟೈಪ್ ಮಾಡಿ.

ಇನ್ನು 54.5. C14ರಲ್ಲಿ ಮೊತ್ತ ಇದೆ, ಸರಾಸರಿಯ ಸೂತ್ರ ಎಳೆಯುವಾಗ ಅದೂ ವ್ಯಾಪ್ತಿಯೊಳಗೆ ಬಂದಿದೆ. 300ಕ್ಕೆ 300 ಸೇರಿ 600, ಸಂಖ್ಯೆಗಳು 11, ಹಾಗಾಗಿ 54.5. ಸರಾಸರಿ ಅತಿ ಹೆಚ್ಚು ಅಂಕವನ್ನೂ ಮೀರಿ ಹೋಗಿದ್ದರೆ ಮೊದಲು ಇದನ್ನೇ ನೋಡಿ.

ಸರಾಸರಿಗಳ ಸರಾಸರಿ

ಮೇಲೆ ಹೇಳಿದವೆಲ್ಲ ಅಜಾಗರೂಕತೆಯ ತಪ್ಪುಗಳು. ಇದು ತಿಳಿದೇ ಮಾಡುವ ತಪ್ಪು, ಆದ್ದರಿಂದ ಹೆಚ್ಚು ದಿನ ಉಳಿಯುತ್ತದೆ. ನಮ್ಮ ಶಾಲೆಯ ಹತ್ತು ಮಕ್ಕಳ ಸರಾಸರಿ 30. ಘಟ್ಟದ ಕೆಳಗೆ ಕುಮಟಾ ಕಡೆಯ ಒಂದು ಶಾಲೆಯಲ್ಲಿ ಅದೇ ಪರೀಕ್ಷೆ ಬರೆದ 25 ಮಕ್ಕಳ ಸರಾಸರಿ 36 ಎಂದುಕೊಳ್ಳಿ. ಎರಡೂ ಸೇರಿ ಎಷ್ಟು? 30 ಮತ್ತು 36 ಕೂಡಿ ಎರಡರಿಂದ ಭಾಗಿಸಿ 33 ಎನ್ನುವವರು ಭಾಜಕವಾಗಿ ಶಾಲೆಗಳನ್ನು ಎಣಿಸಿದ್ದಾರೆ, ಮಕ್ಕಳನ್ನಲ್ಲ. ಮೊತ್ತಗಳಿಗೆ ವಾಪಸು ಹೋಗಬೇಕು: ಇಲ್ಲಿಯ 300, ಅಲ್ಲಿಯ 900, ಒಟ್ಟು 1200. ಮಕ್ಕಳು 35. ಸರಾಸರಿ 34.29.

ಮಕ್ಕಳ ಸಂಖ್ಯೆ ಹೆಚ್ಚಿರುವ ಕಡೆಗೆ ಉತ್ತರ ವಾಲಿರಬೇಕು, 34.29 ಹಾಗೆಯೇ 36ರ ಕಡೆಗಿದೆ. ಉತ್ತರ ಸರಿಯಾಗಿ ನಟ್ಟನಡುವೆ ಬಂದು ನಿಂತರೆ ಅನುಮಾನಿಸಿ. ಎರಡೂ ಕಡೆ ಮಕ್ಕಳ ಸಂಖ್ಯೆ ಸಮವಿದ್ದಾಗ ಮಾತ್ರ ನಡುವಿನ ಸಂಖ್ಯೆ ಸರಿ, ಆ ಸಂದರ್ಭದಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಗೈರಾದವರು ಆಮೇಲೆ ಬಂದು ಬರೆದಾಗಲೂ ಇದೇ ತಪ್ಪು ಮತ್ತೊಂದು ವೇಷದಲ್ಲಿ ಬರುತ್ತದೆ. 3ನೇ ಸಂಖ್ಯೆಯ ಹುಡುಗಿ ಮುಂದಿನ ವಾರ ಬರೆದು 41 ತೆಗೆದಳು. ಹಳೆಯ ಸರಾಸರಿ 30ಕ್ಕೆ 41 ಕೂಡಿ ಎರಡರಿಂದ ಭಾಗಿಸಿದರೆ 35.5 ಬರುತ್ತದೆ, ಒಬ್ಬಳೇ ಹುಡುಗಿ ಹತ್ತು ಜನರಷ್ಟು ತೂಗಿದಂತಾಯಿತು. ಸರಿಯಾದ ಲೆಕ್ಕ 300ಕ್ಕೆ 41 ಕೂಡಿ 341, ಹನ್ನೊಂದರಿಂದ ಭಾಗಿಸಿದರೆ 31. ಮೊತ್ತ ಕೈಗೆ ಸಿಗದಿದ್ದರೆ ಹೀಗೂ ಮಾಡಬಹುದು: ಅವಳ ಅಂಕ ಹಳೆಯ ಸರಾಸರಿಗಿಂತ 11 ಹೆಚ್ಚು, ಆ 11ನ್ನು ಹನ್ನೊಂದು ಜನರಿಗೆ ಹಂಚಿದರೆ ತಲಾ 1, ಹೊಸ ಸರಾಸರಿ 31. ಆಮೇಲೆ 10ನೇ ಸಂಖ್ಯೆಯವನು ಬರೆದು 19 ತೆಗೆದರೆ ಅದು 31ಕ್ಕಿಂತ 12 ಕಡಿಮೆ. ಹನ್ನೆರಡು ಜನರಿಗೆ ಹಂಚಿದರೆ ತಲಾ 1 ಇಳಿಯುತ್ತದೆ, ಸರಾಸರಿ ಮತ್ತೆ 30.

ಕೊನೆಯ ತಾಳೆ, ಮತ್ತು ಅದು ಹಿಡಿಯದ ತಪ್ಪು

ಉತ್ತರ ಸಿಕ್ಕ ಮೇಲೆ ಪ್ರತಿ ಅಂಕದಿಂದ ಸರಾಸರಿಯನ್ನು ಕಳೆದು ನೋಡಿ. ಮೊದಲ ಹತ್ತು ಜನರ ಪಟ್ಟಿಯಲ್ಲಿ 30ಕ್ಕಿಂತ ಮೇಲಿರುವವರ ಹೆಚ್ಚುವರಿ 8, 15, 1, 12, 6, 3, ಒಟ್ಟು 45. ಕೆಳಗಿರುವವರ ಕೊರತೆ 3, 30, 11, 1, ಅದೂ 45. ಎರಡೂ ಸಮವಾದರೆ ಕೂಡಿದ್ದೂ ಭಾಗಿಸಿದ್ದೂ ಸರಿ.

ಇಲ್ಲಿ ಮೇಲೆ ಆರು ಜನ, ಕೆಳಗೆ ನಾಲ್ಕು ಜನ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಸರಾಸರಿಗಿಂತ ಮೇಲಿದ್ದಾರೆ, ಲೆಕ್ಕ ತಪ್ಪಿರಬೇಕು ಎಂದು ಕೆಲವರು ಇಲ್ಲಿ ಗಾಬರಿಯಾಗುತ್ತಾರೆ. ತಪ್ಪಿಲ್ಲ. ಸಮವಾಗಬೇಕಾದದ್ದು ಜನರ ಎಣಿಕೆಯಲ್ಲ, ಹೆಚ್ಚುವರಿ ಮತ್ತು ಕೊರತೆಯ ಮೊತ್ತ. ಒಬ್ಬನ ಸೊನ್ನೆಯೇ 30ರಷ್ಟು ಕೆಳಗೆ ಎಳೆಯುತ್ತಿದೆ. ಸರಿಯಾಗಿ ನಡುಮಧ್ಯದ ಅಂಕ ಬೇಕಾದರೆ ಅಂಕಗಳನ್ನು ಏರಿಕೆ ಕ್ರಮದಲ್ಲಿ ಬರೆದು ಮಧ್ಯಾಂಕ ತೆಗೆಯಬೇಕು. ಇಲ್ಲಿ ಅದು 31 ಮತ್ತು 33ರ ನಡುವಿನ 32.

ಈ ತಾಳೆಗೂ ಮಿತಿ ಇದೆ. 31ರ ಜಾಗದಲ್ಲಿ 13 ಬರೆದುಕೊಂಡು ಅದರ ಮೇಲೆಯೇ 28.2 ತೆಗೆದಿದ್ದರೆ ಹೆಚ್ಚುವರಿ ಕೊರತೆ ಎರಡೂ ಆಗಲೂ ಸಮವಾಗಿಯೇ ನಿಲ್ಲುತ್ತವೆ. ಗೈರಾದವರಿಗೆ ಸೊನ್ನೆ ಹಾಕಿ 25 ತೆಗೆದಿದ್ದರೂ ಹಾಗೆಯೇ. ಪಟ್ಟಿಯೊಳಗಿನ ಲೆಕ್ಕ ಸರಿಯೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಪಟ್ಟಿಯೇ ಸರಿಯೇ ಎಂದು ತಿಳಿಯಲು ಉತ್ತರ ಪತ್ರಿಕೆಯ ಮುಖಪುಟದ ಅಂಕವನ್ನು ಒಬ್ಬರು ಓದಬೇಕು, ಇನ್ನೊಬ್ಬರು ಅಂಕವಹಿಯಲ್ಲಿ ಬೆರಳಿಟ್ಟು ನೋಡಬೇಕು. ಓದುವಾಗ "ಮೂವತ್ತೊಂದು" ಎನ್ನುವುದಕ್ಕಿಂತ "ಮೂರು, ಒಂದು" ಎಂದು ಬಿಡಿಬಿಡಿಯಾಗಿ ಓದಿದರೆ ಅದಲುಬದಲಾದದ್ದು ಅಲ್ಲೇ ಸಿಕ್ಕಿಬೀಳುತ್ತದೆ.